ಒಂದು ಸೆಲ್ ಮೇಲಕ್ಕೆ

ಹನ್ನೊಂದು ಗಂಟೆಗೆ ಪ್ರೆಸೆಂಟೇಶನ್. ನಾನು ಏಳೂವರೆಗೇ ಆಫೀಸಿಗೆ ಬಂದು ಕೂತಿದ್ದೆ. ಯಾರೂ ಬಾ ಅಂದಿರಲಿಲ್ಲ. ಟ್ರೈನಿಯಾಗಿ ಸೇರಿ ಏಳನೇ ವಾರ, ನಾನು ಕೈ ಹಾಕಿದ ಫೈಲ್ ಮೊದಲ ಸಲ ದೊಡ್ಡವರ ಮುಂದೆ ಹೋಗ್ತಿತ್ತು, ರಾತ್ರಿ ನಿದ್ದೆ ಬಂದಿರಲಿಲ್ಲ, ಅಷ್ಟೇ.

ಮೇಡಂ ಸ್ಲೈಡ್‌ಗಳನ್ನು ಹಿಂದಿನ ದಿನ ಸಂಜೆಯೇ ಎಲ್ಲರಿಗೂ ಮೇಲ್ ಮಾಡಿಬಿಟ್ಟಿದ್ದರು. ಆರನೇ ಸ್ಲೈಡ್: ಪಶ್ಚಿಮ ವಲಯ, ಹೋದ ವರ್ಷಕ್ಕಿಂತ 18% ಇಳಿಕೆ, ಕೆಂಪು ಬಾಣ. ಏಳನೇದು: ಪೂರ್ವ ವಲಯ, 14% ಏರಿಕೆ, ಹಸಿರು ಬಾಣ, ಪಕ್ಕದಲ್ಲಿ 'ಇವರಿಂದ ಕಲಿಯಬೇಕಾದದ್ದು' ಅಂತ ನಾಲ್ಕು ಸಾಲು. ಆ ನಾಲ್ಕು ಸಾಲು ಬರೆದವಳು ನಾನು. ಪೂರ್ವದವರನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಅವರು ಗ್ರಾಹಕರ ಜೊತೆ ನಿರಂತರ ಸಂಪರ್ಕದಲ್ಲಿರುತ್ತಾರೆ ಅಂತೆಲ್ಲಾ ಬರೆದಿದ್ದೆ. ಅಂಕಿ ಚೆನ್ನಾಗಿದ್ದರೆ ಕಾರಣಗಳು ತಾನಾಗೇ ಹುಟ್ಟಿಕೊಳ್ಳುತ್ತವೆ.

ಪೂರ್ವದ ಅತಿ ದೊಡ್ಡ ಆರ್ಡರ್ ಯಾವುದು ಅಂತ ಯಾರಾದರೂ ಕೇಳಿದರೆ? ಉತ್ತರ ರೆಡಿ ಇರಲಿ ಅಂತ ಫೈಲ್ ತೆರೆದು ಪೂರ್ವ ವಲಯಕ್ಕೆ ಫಿಲ್ಟರ್ ಹಾಕಿದೆ. ಬಿಲ್ ನಂಬರ್ 5389. ಮೊತ್ತ 1,26,000. ಖುಷಿಯಿಂದ ಚೀಟಿಯಲ್ಲಿ ಬರೆದುಕೊಂಡೆ. ಎಷ್ಟು ಪೀಸ್ ಅಂತಲೂ ಬರೆಯೋಣ ಅಂತ ಎಡಗಡೆ ನೋಡಿದರೆ, 2.

ಎರಡು ಪೀಸ್. ದರ 450.

ಎರಡು ಪೀಸಿಗೆ ಒಂಬೈನೂರು ಆಗಬೇಕು, ಅಲ್ವಾ? ಒಂದು ಸೊನ್ನೆ ಜಾಸ್ತಿ ಬಿದ್ದಿರಬಹುದು ಅಂದುಕೊಂಡೆ, ಆದರೆ ಎಷ್ಟು ಸೊನ್ನೆ ಸೇರಿಸಿದರೂ ಒಂಬೈನೂರು 1,26,000 ಆಗಲ್ಲ. ಫಿಲ್ಟರ್ ತೆಗೆದೆ. ಕೆಳಗಿನ ಸಾಲು, ಬಿಲ್ 5390, ಪಶ್ಚಿಮ ವಲಯ, 280 ಪೀಸ್, ದರ ಅದೇ 450. ಅದರ ಮುಂದೆ ಮೊತ್ತ 3,600. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದೆ. 280 ಗುಣಿಸು 450. ಅಲ್ಲೇ ಬಂತು 1,26,000. ಪಶ್ಚಿಮದವರ ದುಡ್ಡು ಒಂದು ಮೆಟ್ಟಿಲು ಹತ್ತಿ ಪೂರ್ವದವರ ಮನೆಯಲ್ಲಿ ಕೂತಿತ್ತು. ಆ 3,600 ಯಾರದು ಅಂತ ಇನ್ನೂ ಕೆಳಗೆ ನೋಡಿದೆ. 5391ರಲ್ಲಿ 8 ಪೀಸ್. ಸರಿ, ಅದರದ್ದು.

ಫೈಲ್‌ನ ತಳಕ್ಕೆ ಹೋದೆ. 1847ನೇ ಸಾಲು, ಕೊನೆಯ ಬಿಲ್. ತಾರೀಖು ಇದೆ, ವಲಯ ಇದೆ, ಪೀಸ್ ಇದೆ, ದರ ಇದೆ. ಮೊತ್ತದ ಜಾಗ ಖಾಲಿ.

ಹಾಗಾದರೆ ಎಲ್ಲಿಂದ ಶುರು? ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗಿನವರೆಗೂ ಎಳೆದೆ:

```
=F2*G2=H2
```

ಪೀಸ್ ಇಂಟು ದರ, ಮೊತ್ತಕ್ಕೆ ಸಮ ಇದೆಯಾ ಅನ್ನೋದಷ್ಟೇ ಪ್ರಶ್ನೆ. TRUE, TRUE, TRUE ಅಂತ ಇಳೀತಾ ಹೋಯಿತು. 643ರವರೆಗೂ ಸರಿ. 644ರಲ್ಲಿ FALSE. ಅಲ್ಲಿಂದ ಮುಂದೆ ಕೊನೆಯವರೆಗೂ FALSE, ನಡುವೆ ಎಲ್ಲೋ ಅಕ್ಕಪಕ್ಕದ ಎರಡು ಬಿಲ್ಲಿನ ಮೊತ್ತ ಒಂದೇ ಆಗಿದ್ದ ಕಡೆ ಮಾತ್ರ ಅಪರೂಪಕ್ಕೊಂದು TRUE.

644ನೇ ಸಾಲು ಬಿಲ್ ನಂಬರ್ 4643. ರದ್ದಾದ ಬಿಲ್. ಪೀಸ್ ಇಲ್ಲ, ಮೊತ್ತ ಇರಬಾರದು, ಆದರೂ ಮುಂದೆ ಒಂದು ಮೊತ್ತ ಕೂತಿದೆ.

ಆ ಸಾಲು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಸುಮ್ನೆ ಹೇಳುತ್ತಿಲ್ಲ, ನಿಜವಾಗಲೂ ಕೈ ತಣ್ಣಗಾಯಿತು. ಮಂಗಳವಾರ ಮೇಡಂ ಹೋಗ್ತಾ ಹೋಗ್ತಾ ಹೇಳಿದ್ದರು, "ಅದೊಂದು ಕ್ಯಾನ್ಸಲ್ ಆದ ಬಿಲ್ ಇದೆ ನೋಡು, ಖಾಲಿ ಇರೋದು, ಅದನ್ನ ತೆಗೆದುಬಿಡು." ನಾನು ಖಾಲಿ ಇರೋದನ್ನ ತೆಗೆದೆ. ಖಾಲಿ ಸೆಲ್ ಮೇಲೆ ಕ್ಲಿಕ್ ಮಾಡಿ Ctrl ಮತ್ತು ಮೈನಸ್ ಒತ್ತಿದೆ, ಏನೋ ಒಂದು ಪುಟ್ಟ ಪೆಟ್ಟಿಗೆ ಬಂತು, ಓದದೆ ಎಂಟರ್ ಹೊಡೆದೆ. ಪೆಟ್ಟಿಗೆಯಲ್ಲಿ Shift cells up ಅಂತ ಮೊದಲೇ ಆಯ್ಕೆ ಆಗಿತ್ತು ಅಂತ ಈಗ ನೆನಪಾಗುತ್ತಿದೆ. Entire row ಅನ್ನೋದೂ ಅದೇ ಪೆಟ್ಟಿಗೆಯಲ್ಲೇ ಇತ್ತು. ಮೇಡಂ ಹೇಳಿದ್ದು ಸಾಲು, ನಾನು ತೆಗೆದಿದ್ದು ಸೆಲ್. ಕೆಳಗಿದ್ದ ಅಷ್ಟೂ ಮೊತ್ತಗಳು ಒಂದೊಂದು ಮನೆ ಮೇಲಕ್ಕೆ ಸರಿದವು, ಉಳಿದ ಕಾಲಂಗಳು ಇದ್ದಲ್ಲೇ ಇದ್ದವು.

ಇದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ, ಒಟ್ಟು ಮೊತ್ತ ಬದಲಾಗಿರಲೇ ಇಲ್ಲ! ಹೋಗಿದ್ದು ಖಾಲಿ ಸೆಲ್ ತಾನೇ. ಅಕೌಂಟ್ಸ್‌ನವರು ಕೊಟ್ಟ ಒಟ್ಟು ಮೊತ್ತಕ್ಕೂ ನಮ್ಮದಕ್ಕೂ ಒಂದು ಪೈಸೆ ವ್ಯತ್ಯಾಸ ಇರಲಿಲ್ಲ. ಬುಧವಾರ ಮೇಡಂ, ನಾನು ಇಬ್ಬರೂ ಸೇರಿ ತಾಳೆ ನೋಡಿ, ಟ್ಯಾಲಿ ಆಯ್ತು ಅಂತ ನೆಮ್ಮದಿಯಾಗಿ ಎದ್ದು ಹೋಗಿದ್ದೆವು.

ಸರಿ ಮಾಡೋದು ಹತ್ತು ಸೆಕೆಂಡಿನ ಕೆಲಸ. ಮೊದಲು ಫೈಲ್‌ಗೆ ಒಂದು ಕಾಪಿ ಮಾಡಿಕೊಂಡೆ (ಈ ಬುದ್ಧಿ ಮಂಗಳವಾರ ಇರಬೇಕಿತ್ತು). ಆ ಸೆಲ್‌ನಲ್ಲಿ ನಿಂತು Insert, Shift cells down. ಸೆಲ್‌ಗಳು ಜರುಗಿದಾಗ ಪಕ್ಕದ ಕಾಲಂನ ಸೂತ್ರವೂ ಅವುಗಳ ಹಿಂದೆಯೇ ಜರುಗಿತ್ತು, ಅದಕ್ಕೇ ಅದನ್ನು ಮೇಲಿನಿಂದ ಕೆಳಗಿನವರೆಗೂ ಮತ್ತೊಮ್ಮೆ ಎಳೆದೆ. FALSEಗಳೆಲ್ಲಾ ಒಂದೇ ಏಟಿಗೆ TRUE ಆದವು. ಕಣ್ಣನ್ನು ನಂಬದೆ ಎಣಿಸಿಯೂ ನೋಡಿದೆ:

```
=COUNTIF(I2:I1847,FALSE)
```

ಸೊನ್ನೆ.

ಪಿವಟ್ ಟೇಬಲ್ ರಿಫ್ರೆಶ್ ಮಾಡಿದೆ. ಪಶ್ಚಿಮ 41.2 ಲಕ್ಷ ಇದ್ದದ್ದು 52.6 ಆಯಿತು. ಹೋದ ವರ್ಷ 50.1. ಅಂದರೆ ಇಳಿಕೆ ಅಲ್ಲ, 5% ಏರಿಕೆ. ಪೂರ್ವ 58.3ರಿಂದ 49.4ಕ್ಕೆ ಬಿತ್ತು, ಹೋದ ವರ್ಷದ 51.2ಕ್ಕಿಂತಲೂ ಕಡಿಮೆ. ಪಶ್ಚಿಮದವರಿಗೆ ಬಿಲ್ ಕಡಿಮೆ, ಆದರೆ ಒಂದೊಂದೂ ದೊಡ್ಡದು. ಅದಕ್ಕೇ ಅವರ ಮೊತ್ತ ಪಕ್ಕದವರ ಪಾಲಾದಾಗ ಇಷ್ಟು ಏರುಪೇರು. 'ಇವರಿಂದ ಕಲಿಯಬೇಕಾದದ್ದು' ಸ್ಲೈಡ್ ಇನ್ನೊಂದು ಪರದೆಯಲ್ಲಿ ತೆರೆದೇ ಇತ್ತು. ನೋಡೋಕಾಗಲಿಲ್ಲ, ಮಿನಿಮೈಜ್ ಮಾಡಿದೆ.

ಗಂಟೆ ಎಂಟೂ ಇಪ್ಪತ್ತು.

ಒಂದು ವಿಷಯ ಮುಚ್ಚಿಡಲ್ಲ. ಐದು ನಿಮಿಷ ನಾನು ಬೇರೇನೋ ಯೋಚನೆ ಮಾಡಿದೆ. ಫೈಲ್ ಸರಿ ಇದೆ, ಸ್ಲೈಡ್ ಬದಲಾಯಿಸಿ, ಎಕ್ಸ್‌ಪೋರ್ಟ್‌ನಲ್ಲೇ ಏನೋ ತೊಂದರೆ ಇತ್ತು ಮೇಡಂ ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಸಾಫ್ಟ್‌ವೇರ್ ಮೇಲೆ ಹಾಕಿದರೆ ಅದೇನು ಬಾಯಿ ಬಿಡುತ್ತಾ? ವಾಕ್ಯ ಕೂಡ ಮನಸ್ಸಲ್ಲಿ ಜೋಡಿಸಿ ಆಗಿತ್ತು. ಮೇಡಂ ನಂಬರ್ ತೆಗೆದು ಕೂತಿದ್ದೆ.

ಆಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಐವತ್ತರ ಆಸುಪಾಸು, ಭುಜಕ್ಕೆ ಬ್ಯಾಗು, ಕೈಯಲ್ಲಿ ಉದ್ದನೆ ನೋಟ್‌ಬುಕ್ಕು. "ಮೇಡಂ ಬಂದಿದಾರೇನಮ್ಮಾ?"

"ಇನ್ನೂ ಇಲ್ಲ ಸರ್. ತಾವು?"

"ಪಶ್ಚಿಮ ವಲಯ ನೋಡ್ಕೊಳ್ಳೋನು." ಕುರ್ಚಿ ತೋರಿಸಿದರೂ ಕೂರಲಿಲ್ಲ. "ನಿನ್ನೆ ರಾತ್ರಿ ಫೋನ್ ಮಾಡಿದ್ರು. ಹದಿನೆಂಟು ಪರ್ಸೆಂಟ್ ಯಾಕೆ ಬಿತ್ತು, ಬೆಳಿಗ್ಗೆ ಬಂದು ಎಲ್ಲರ ಮುಂದೆ ಹೇಳಿ ಅಂದ್ರು. ನಾನು ರಾತ್ರಿಯೆಲ್ಲಾ ಕೂಡಿಸಿದೆ ಕಣಮ್ಮಾ. ಎಷ್ಟು ಸಲ ಕೂಡಿಸಿದ್ರೂ ನನಗೆ ಬೀಳ್ತಾನೇ ಇಲ್ಲ. ವಯಸ್ಸಾಯ್ತಲ್ಲಾ, ಎಲ್ಲೋ ಎರಡೆರಡು ಸಲ ಬರ್ಕೊಂಡಿದೀನೇನೋ ಅಂತ..."

ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು ತೆರೆದರು. ಬಿಲ್ ನಂಬರ್, ಪೀಸ್, ಮೊತ್ತ, ಎಲ್ಲಾ ನೀಲಿ ಇಂಕಿನಲ್ಲಿ, ಗೆರೆ ದಾಟದ ಅಕ್ಷರ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ರಾತ್ರಿ ಕೂಡಿಸಿದ ಲೆಕ್ಕ, ಅಳಿಸಿ ಅಳಿಸಿ ಕಾಗದ ಒಂದು ಕಡೆ ತೂತಾಗಿತ್ತು. ಬೆರಳಿಟ್ಟು ಹುಡುಕಿದೆ. 5390. 280. 1,26,000.

"ಸರ್, ನಿಮ್ಮ ಲೆಕ್ಕ ಸರಿ ಇದೆ. ನಮ್ಮ ಫೈಲ್ ತಪ್ಪಿತ್ತು," ಅಂದೆ. ಆಮೇಲೆ, ತಡೆಯೋಕೆ ಆಗದೆ, "ನಾನು ತಪ್ಪು ಮಾಡಿದ್ದೆ."

ಅವರು ಬೈಯುತ್ತಾರೆ ಅಂದುಕೊಂಡೆ. ಅವರು ಆಗ ಕುರ್ಚಿ ಎಳೆದುಕೊಂಡು ಕೂತರು. "ಹಾಗಾದ್ರೆ ಬಿದ್ದಿಲ್ಲ?"

"ಇಲ್ಲ ಸರ್. ಜಾಸ್ತಿಯಾಗಿದೆ."

ಅವರ ಮುಂದೆಯೇ ಮೇಡಂಗೆ ಫೋನ್ ಮಾಡಿದೆ. ಜೋಡಿಸಿಟ್ಟ ವಾಕ್ಯ ಎಲ್ಲಿ ಹೋಯಿತೋ. ಮಂಗಳವಾರ ಸಾಲಿನ ಬದಲು ಸೆಲ್ ಡಿಲೀಟ್ ಮಾಡಿದ್ದೆ, ಮೊತ್ತದ ಕಾಲಂ ಜರುಗಿದೆ, ವಲಯದ ಅಂಕಿಗಳೆಲ್ಲಾ ತಪ್ಪು, ಒಟ್ಟು ಮಾತ್ರ ಸರಿ, ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಎಷ್ಟು ಹೊತ್ತು ಮೌನ ಅಂದರೆ ಲೈನ್ ಕಟ್ ಆಯಿತಾ ಅಂತ ಫೋನ್ ನೋಡಿಕೊಂಡೆ.

"ನಿನ್ನೆ ರಾತ್ರಿ ಅವರಿಗೆ ನಾನು..." ಅಂದು ಮೇಡಂ ನಿಲ್ಲಿಸಿದರು. "ಬಂದಿದಾರಾ?"

"ಇಲ್ಲೇ ಇದಾರೆ ಮೇಡಂ."

"ಫೋನ್ ಕೊಡು ಅವರಿಗೆ."

ಅವರಿಬ್ಬರು ಏನು ಮಾತಾಡಿದರೋ, ನಾನು ಕೇಳಿಸಿಕೊಳ್ಳದ ಹಾಗೆ ಪರದೆ ನೋಡುತ್ತಿದ್ದೆ. ಇವರು ಮೂರು ಸಲ "ಪರವಾಗಿಲ್ಲ ಬಿಡಿ ಮೇಡಂ" ಅಂದರು, ಮೂರನೇದು ಮೊದಲೆರಡರಷ್ಟು ಮೆತ್ತಗಿರಲಿಲ್ಲ.

ಆಮೇಲಿನದು ಬರೀ ಓಟ. ಸ್ಲೈಡ್‌ನಲ್ಲಿದ್ದ ಚಾರ್ಟುಗಳನ್ನು ಚಿತ್ರವಾಗಿ ಪೇಸ್ಟ್ ಮಾಡಿದ್ದೆವು, ಹಾಗಾಗಿ ಫೈಲ್ ಸರಿಯಾದರೂ ಅವು ಹಳೆಯ ಅಂಕಿಯನ್ನೇ ತೋರಿಸುತ್ತಾ ನಿಂತಿದ್ದವು. ನಾಲ್ಕು ಚಾರ್ಟು, ಆರು ವಾಕ್ಯ, ಎರಡು ಬಾಣ. ಕೆಂಪು ಬಾಣ ತಿರುಗಿಸಿ ಹಸಿರು ಮಾಡಿದೆ, ಹಸಿರನ್ನು ಕೆಂಪು. ಪೂರ್ವದ ನಾಲ್ಕು ಸಾಲು ಅಳಿಸಿದೆ. ಅದನ್ನೇ ಪಶ್ಚಿಮಕ್ಕೆ ಅಂಟಿಸೋಣ ಅಂತ ಒಂದು ಕ್ಷಣ ಅನ್ನಿಸಿತು, ಅಂಟಿಸಲಿಲ್ಲ. ಮೇಡಂ ಒಂಬತ್ತೂ ಮುಕ್ಕಾಲಿಗೆ ಬಂದು, ನಿಂತುಕೊಂಡೇ ಪ್ರತಿ ವಲಯದಿಂದ ಐದೈದು ಬಿಲ್ ಆರಿಸಿ ಕೈಯಲ್ಲಿ ಗುಣಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಹನ್ನೊಂದು ಹತ್ತಕ್ಕೆ, ಆರನೇ ಸ್ಲೈಡ್ ಬಂದಾಗ, ನಿರೀಕ್ಷೆ ಮಾಡಿದ ಪ್ರಶ್ನೆಯೇ ಬಂತು. "ನಿನ್ನೆ ಮೇಲ್‌ನಲ್ಲಿ ಬಂದಿದ್ದು ಬೇರೆ ಇತ್ತಲ್ಲ?"

"ನಿನ್ನೆಯ ಫೈಲ್‌ನಲ್ಲಿ ಒಂದು ಕಾಲಂ ಜರುಗಿತ್ತು," ಅಂದರು ಮೇಡಂ. "ನಾನು ಒಟ್ಟು ಮಾತ್ರ ನೋಡಿ ಕಳಿಸಿದ್ದೆ. ಬೆಳಿಗ್ಗೆ ಇವಳು ಹಿಡಿದಳು."

ಎಲ್ಲರೂ ನನ್ನ ಕಡೆ ತಿರುಗಿದರು. ಮೆಚ್ಚುಗೆಯ ಮುಖಗಳು. ಅದು ತುಂಬಾ ಕಷ್ಟದ ಕ್ಷಣ.

"ಜರುಗಿಸಿದ್ದೂ ನಾನೇ," ಅಂದೆ.

ಯಾರೋ ನಕ್ಕರು. ಪೂರ್ವದವರು ನಗಲಿಲ್ಲ, ತಮ್ಮ ಮುಂದಿದ್ದ ಪ್ರಿಂಟ್ ಮೇಲೆ ಪೆನ್ನಿನಿಂದ ಏನೋ ಗೀಚುತ್ತಿದ್ದರು. ಅವರಿಗೆ ನಾನೇ ಹೋಗಿ ಬಿಲ್ ಬಿಲ್ ತೋರಿಸಬೇಕು ಅಂತ ಮೇಡಂ ಆಮೇಲೆ ಹೇಳಿದರು, ಅವತ್ತು ಮಧ್ಯಾಹ್ನ ಪೂರ್ತಿ ಅದೇ ಆಯಿತು.

ಅದಕ್ಕೂ ಮುಂಚೆ, ಎಲ್ಲರೂ ಎದ್ದು ಹೋದ ಮೇಲೆ, ಪಶ್ಚಿಮದವರು ನೋಟ್‌ಬುಕ್ ಹಿಡಿದು ನನ್ನ ಮೇಜಿಗೆ ಬಂದರು. "ಇನ್ನೂ ಒಂದು ಬಿಲ್ ತಾಳೆ ಆಗ್ತಿಲ್ಲ ಕಣಮ್ಮಾ. ನನ್ನಲ್ಲಿದೆ, ನಿನ್ನ ಫೈಲ್‌ನಲ್ಲಿ ಖಾಲಿ ಇದೆ."

ಎದೆ ಧಸಕ್ಕೆಂದಿತು. "ಯಾವ ನಂಬರ್ ಸರ್?"

"4643."

ನಾನು ಪರದೆ ಅವರ ಕಡೆ ತಿರುಗಿಸಿದೆ. 644ನೇ ಸಾಲು, ರದ್ದು ಅಂತ ಬರೆದಿರುವುದನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. "ಓಹ್, ಹೌದು, ಇದು ವಾಪಸ್ ಬಂದಿತ್ತಲ್ಲ," ಅಂದರು, ಕೈ ಚಾಚಿ ನನ್ನ ಪೆನ್ನು ಇಸ್ಕೊಂಡು, ಸ್ಕೇಲ್ ಇಲ್ಲದೆಯೇ ಆ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು, ಈ ತುದಿಯಿಂದ ಆ ತುದಿಯವರೆಗೂ.