ಶನಿವಾರದ ಕರಪತ್ರ: ಸವಿತಾ–ರಕ್ಷಿತಾ ಚಾಟ್

ಸವಿತಾ: ರಕ್ಷಿತಾ, ಊಟ ಆಯ್ತಾ? ಒಂದು ಸಣ್ಣ ಕೆಲಸ ಇತ್ತು. ಈಗಲೇ ಆಗಬೇಕು ಅಂತೇನಿಲ್ಲ, ಬಿಡುವಾದಾಗ ಓದಿ.

ಸವಿತಾ: ಶನಿವಾರ ಮೇಗರವಳ್ಳಿಯಲ್ಲಿ ಅಡಿಕೆ ಬೆಳೆಗಾರರ ಸಭೆ ಇದೆಯಲ್ಲ, ಅಲ್ಲಿ ಹಂಚಲು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಒಂದು ಕರಪತ್ರ ಬೇಕು. ನಾನು ಬರೆದಿದ್ದು ಮೂರು ಪುಟ ಆಗಿದೆ. ಅದನ್ನು ಒಂದೇ ಪುಟಕ್ಕೆ ಇಳಿಸಿಕೊಡಲು ನಿಮಗೆ ಆಗುತ್ತಾ? ಫೈಲ್ ಇಲ್ಲೇ ಹಾಕಿದ್ದೇನೆ: `bordo_karapatra.docx`

ಸವಿತಾ: ನಿಮ್ಮನ್ನೇ ಕೇಳಲು ಕಾರಣ ಇದೆ. ನಿಮ್ಮ ಮನೆಯಲ್ಲಿ ತೋಟ ಇದೆ, ಔಷಧಿ ಹೊಡೆಯೋದನ್ನು ಪ್ರತಿ ವರ್ಷ ನೋಡಿದ್ದೀರಿ. ನಾನು ಬರೆದಿದ್ದರಲ್ಲಿ ಯಾವ ಮಾತು ರೈತರಿಗೆ ಸುಮ್ನೆ ಭಾರ, ಯಾವುದು ಬೇಕೇ ಬೇಕು ಅಂತ ನಿಮಗೆ ಬೇಗ ಗೊತ್ತಾಗುತ್ತೆ.

ಸವಿತಾ: ಅಕ್ಷರ ದಪ್ಪಗಿರಲಿ. ಈ ಹಾಳೆಯನ್ನು ಎಷ್ಟೋ ಜನ ಕೊಟ್ಟಿಗೆ ಗೋಡೆಗೆ ಅಂಟಿಸಿ, ತುತ್ತ ಕಲಸುವಾಗ ದೂರದಿಂದಲೇ ನೋಡುತ್ತಾರೆ. ಚಿತ್ರ, ಬಣ್ಣ ಏನೂ ಬೇಡ. ಯಾವುದು ಮೇಲೆ, ಯಾವುದು ಕೆಳಗೆ, ಯಾವುದನ್ನು ಬಿಡಬೇಕು, ಅದೆಲ್ಲ ನೀವೇ ನೋಡಿಕೊಳ್ಳಿ. ಅಳತೆಗಳನ್ನು ಮಾತ್ರ ಇದ್ದ ಹಾಗೇ ಇಡಿ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಲ್ಲಿ ಒಂದು ಅಂಕಿ ಆಚೀಚೆ ಆದರೂ ಮಳೆಗಾಲದಲ್ಲಿ ಅಡಿಕೆ ಕೊನೆ ಉಳಿಯುವುದು ಕಷ್ಟ.

ಸವಿತಾ: ಗುರುವಾರ ಸಂಜೆ 4ರೊಳಗೆ ಸಿಕ್ಕಿದರೆ ಸಾಕು. ಶುಕ್ರವಾರ ಬೆಳಿಗ್ಗೆ ಗೋಪಿ ಸರ್ಕಲ್ ಹತ್ತಿರ ಪ್ರಿಂಟ್‌ಗೆ ನಾನೇ ಕೊಟ್ಟು ಬರುತ್ತೇನೆ. ನಿಮ್ಮ ಕೈಯಲ್ಲಿ ಸದಸ್ಯರ ಪಟ್ಟಿಯ ಕೆಲಸವೂ ಇದೆ ಅಂತ ಗೊತ್ತು. ಎರಡೂ ಒಟ್ಟಿಗೆ ಜಾಸ್ತಿ ಆಗುತ್ತೆ ಅನ್ನಿಸಿದರೆ ಹಾಗೇ ಹೇಳಿ. ಪಟ್ಟಿ ಸೋಮವಾರಕ್ಕೆ ಹೋದರೂ ನಡೆಯುತ್ತೆ.

ರಕ್ಷಿತಾ: ಈಗ ನೋಡಿದೆ ಮೇಡಂ, ಬ್ಯಾಂಕಿಗೆ ಹೋಗಿದ್ದೆ. ಮಾಡುತ್ತೇನೆ. ಪಟ್ಟಿ ಸೋಮವಾರಕ್ಕೆ ಆಗುತ್ತೆ ಅಂದರೆ ಇದು ನಾಳೆ ಮಧ್ಯಾಹ್ನಾನೇ ಮುಗಿಯುತ್ತೆ.

ರಕ್ಷಿತಾ: ಒಂದು ಕೇಳಬೇಕಿತ್ತು. ನೀವು ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು ಅಂತ ಬರೆದಿದ್ದೀರಿ. ನಮ್ಮ ಅಪ್ಪ ಉಲ್ಟಾ ಮಾಡುತ್ತಾರೆ. ಇದನ್ನು ಬಿಡಬಹುದಾ, ಇಡಬೇಕಾ?

ಸವಿತಾ: ಇಡಿ, ಅದು ಮುಖ್ಯ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ತಲಾ 50 ಲೀಟರ್ ನೀರಿನಲ್ಲಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ಉಲ್ಟಾ ಮಾಡಿದರೆ ದ್ರಾವಣ ಒರಟಾಗಿ ಬೇಗ ತಳ ಹಿಡಿಯುತ್ತೆ. ಚೆನ್ನಾಗಿ ಕೇಳಿದಿರಿ. ನಿಮ್ಮ ಮನೆಯಲ್ಲೇ ಹಾಗೆ ಮಾಡುತ್ತಾರೆ ಅಂದರೆ ಬೇರೆಯವರೂ ಮಾಡುತ್ತಿರುತ್ತಾರೆ. ಆ ಸಾಲನ್ನು ದಪ್ಪಕ್ಷರದಲ್ಲೇ ಹಾಕಿ.

ರಕ್ಷಿತಾ: ಸರಿ. ಚಾಕು ಅದ್ದಿ ನೋಡುವುದೂ ಇರಲಿ ಅಲ್ವಾ?

ಸವಿತಾ: ಹೌದು, ಅದು ಇರಲೇಬೇಕು. ಶುಭ್ರವಾದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಅಂತ, ಇನ್ನೂ ಸ್ವಲ್ಪ ಸುಣ್ಣದ ನೀರು ಸೇರಿಸಬೇಕು. ಅಂಗಡಿಯಿಂದ ಏನೂ ತರದೆ ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಅದು. ಜಾಗ ಸಾಲದಿದ್ದರೆ ರೋಗ ಹೇಗೆ ಹರಡುತ್ತೆ ಅನ್ನೋ ಪ್ಯಾರಾ ತೆಗೆದುಬಿಡಿ. ಕೊಳೆ ಎಂದರೇನು ಅಂತ ಮೇಗರವಳ್ಳಿಯವರಿಗೆ ನಾವು ಹೇಳಬೇಕಾಗಿಲ್ಲ.

ರಕ್ಷಿತಾ: ಇನ್ನೊಂದು ಮೇಡಂ, ನಮ್ಮ ಕಡೆ ಎಲ್ಲರೂ 200 ಲೀಟರ್ ಡ್ರಮ್ಮಿನಲ್ಲೇ ಕಲಸೋದು. 100 ಲೀಟರಿನ ಲೆಕ್ಕ ಮಾತ್ರ ಕೊಟ್ಟರೆ ಅಲ್ಲೇ ಗಡಿಬಿಡಿ ಆಗುತ್ತೆ. ಡ್ರಮ್ಮಿಗೆ 2 ಕೆಜಿ ತುತ್ತ, 2 ಕೆಜಿ ಸುಣ್ಣ ಅಂತ ಪಕ್ಕದಲ್ಲಿ ಹಾಕಲಾ?

ಸವಿತಾ: ಖಂಡಿತ ಹಾಕಿ. ನನಗೆ ಹೊಳೆದಿರಲಿಲ್ಲ, ಇದು ಸೇರಿದರೆ ಹಾಳೆ ನಿಜವಾಗಿ ಕೆಲಸಕ್ಕೆ ಬರುತ್ತೆ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೇ ಸಲ 40–45 ದಿನಕ್ಕೆ, ಕಲಸಿದ್ದನ್ನು ಅವತ್ತೇ ಮುಗಿಸಬೇಕು, ಈ ಮೂರು ಮಾತು ಕೊನೆಯಲ್ಲಿ ಬರಲಿ.

ಸವಿತಾ: ಶನಿವಾರ ಈ ಭಾಗವನ್ನು ನೀವೇ ನಿಂತು ಹೇಳಿದರೆ ನನಗೆ ತುಂಬಾ ಖುಷಿ. ಇಷ್ಟ ಇದ್ದರೆ ಮಾತ್ರ. ಇಲ್ಲ ಅಂದರೆ ನಾನು ಹೇಳುತ್ತೇನೆ, ಮಾಡಿದ್ದು ನೀವು ಅಂತ ಹೇಳಿಯೇ ಹೇಳುತ್ತೇನೆ.

ರಕ್ಷಿತಾ: ಮಾತಾಡೋಕೆ ಸ್ವಲ್ಪ ಭಯ ಮೇಡಂ. ಚಾಕುವಿನ ಪರೀಕ್ಷೆ ಮಾತ್ರ ನಾನು ಮಾಡಿ ತೋರಿಸಲಾ? ಅದು ಗೊತ್ತು.

ಸವಿತಾ: ಆಗಲಿ, ಅಷ್ಟೇ ಸಾಕು. ತುತ್ತ, ಸುಣ್ಣ, ಎರಡು ಪ್ಲಾಸ್ಟಿಕ್ ಬಕೆಟ್ ನಾನು ಜೀಪಿಗೆ ಹಾಕಿಸುತ್ತೇನೆ. ಚಾಕು ನೀವು ತನ್ನಿ.

ರಕ್ಷಿತಾ: ತರುತ್ತೇನೆ. ಕರಪತ್ರ ನಾಳೆ 2 ಗಂಟೆಗೆ ಇದೇ ಚಾಟಿಗೆ ಹಾಕುತ್ತೇನೆ, ಅಳತೆ ಒಂದನ್ನು ನೀವು ನೋಡಿಬಿಡಿ.

ಸವಿತಾ: ನೋಡುತ್ತೇನೆ. ಥ್ಯಾಂಕ್ಸ್ ರಕ್ಷಿತಾ.