ವಿಷಯ: ಸೋಮವಾರ ಜಾಯಿನ್ ಆಗ್ತಿದೀನಿ, ಪರಿಚಯ ಮತ್ತೆ ಕೆಲವು ವಿಷಯ ಕನ್ಫರ್ಮ್ ಮಾಡ್ಕೊಳ್ಳೋದಿತ್ತು

ರಘು ಸರ್, ನಮಸ್ಕಾರ.

ನಾನು ಚೈತ್ರಾ. ಜೂನ್ 15, ಸೋಮವಾರ ನಿಮ್ಮ ಪೇಮೆಂಟ್ಸ್ ಟೀಮಿಗೆ ಸೀನಿಯರ್ ಟೆಸ್ಟ್ ಎಂಜಿನಿಯರ್ ಆಗಿ ಬರ್ತಿರೋಳು. ನನ್ನ ಇಂಟರ್ವ್ಯೂ ಮಾಡಿದ್ದು, ಆಫರ್ ಬಗ್ಗೆ ಮಾತಾಡಿದ್ದು ಎಲ್ಲಾ ಶ್ಯಾಮಲಾ ಮೇಡಂ. ಅವರು ಈಗ ಬೇರೆ ಟೀಮಿಗೆ ಹೋಗಿದಾರೆ, ಇನ್ಮೇಲೆ ನೀವೇ ನನ್ನ ಮ್ಯಾನೇಜರ್ ಅಂತ ಮೊನ್ನೆ ಎಚ್‌ಆರ್ ಕಡೆಯಿಂದ ಮೇಲ್ ಬಂತು. ನಾವಿಬ್ರೂ ಇನ್ನೂ ಮಾತೇ ಆಡಿಲ್ವಲ್ಲ, ಮೊದಲ ದಿನ ನೇರ ಬಂದು ಎದುರಿಗೆ ನಿಂತ್ಕೊಳ್ಳೋದಕ್ಕಿಂತ ಮುಂಚೆನೇ ಒಂದು ಮೇಲ್ ಹಾಕೋಣ ಅನ್ನಿಸ್ತು. ಇನ್ನೊಂದು ಕಾರಣನೂ ಇದೆ, ಮೇಡಂ ಜೊತೆ ಫೋನಲ್ಲಿ ಬಾಯಿಮಾತಲ್ಲಿ ಒಪ್ಪಿಕೊಂಡಿದ್ದು ಕೆಲವಿದೆ, ಅದು ನಿಮ್ಮ ತನಕ ಬಂದಿದೆಯೋ ಇಲ್ವೋ ನಂಗೆ ಗೊತ್ತಿಲ್ಲ.

ಮೊದಲು ನನ್ನ ಬಗ್ಗೆ. ಟೆಸ್ಟಿಂಗಲ್ಲಿ ಆರು ವರ್ಷ ಆಯ್ತು. ಶುರು ಮಾಡಿದ್ದು ಮ್ಯಾನ್ಯುಯಲ್ ಟೆಸ್ಟಿಂಗಲ್ಲಿ, ಒಂದು ಬಿಲ್ಲಿಂಗ್ ಸಾಫ್ಟ್‌ವೇರು, ಅಲ್ಲಿ ತೆರಿಗೆ ಲೆಕ್ಕ, ರೌಂಡಿಂಗ್, ಅರ್ಧ ರೀಫಂಡ್ ಇಂಥವನ್ನೇ ದಿನವಿಡೀ ನೋಡಿ ನೋಡಿ ದುಡ್ಡಿನ ಲೆಕ್ಕದಲ್ಲಿ ಸುಲಭಕ್ಕೆ ಯಾವುದನ್ನೂ ನಂಬದೇ ಇರೋ ಅಭ್ಯಾಸ ಬಂದ್ಬಿಟ್ಟಿದೆ. ಆಮೇಲೆ ಆಟೊಮೇಷನ್ ಕಡೆ ಬಂದೆ. ಮೊದಲು ಸೆಲೆನಿಯಂ, ಈಗ ಪ್ಲೇರೈಟು, ಆದ್ರೆ ಜಾಸ್ತಿ ಕೆಲಸ ಮಾಡಿರೋದು ಎಪಿಐ ಲೆವೆಲ್ಲಲ್ಲಿ. ಸ್ಕ್ರೀನ್ ಮೂಲಕ ಮಾಡೋ ಟೆಸ್ಟು ಕಮ್ಮಿ ಇರ್ಬೇಕು, ಎಪಿಐ ಟೆಸ್ಟು ಜಾಸ್ತಿ ಇರ್ಬೇಕು ಅನ್ನೋ ಗುಂಪಿಗೆ ಸೇರಿದೋಳು ನಾನು, ನಿಮ್ಮ ಟೀಮಲ್ಲಿ ಇದಕ್ಕೆ ಬೇರೆ ಅಭಿಪ್ರಾಯ ಇದ್ರೆ ಬಂದ್ಮೇಲೆ ಆರಾಮಾಗಿ ಜಗಳ ಆಡೋಣ.

ಪೇಮೆಂಟ್ಸ್ ಅಂತ ಹುಡುಕ್ಕೊಂಡು ಬಂದಿದ್ದು ಬೇಕು ಅಂತಾನೇ. ಎಲ್ಲಾ ಸರಿಯಾಗಿ ನಡೆದಾಗ ಟೆಸ್ಟ್ ಬರೆಯೋದು ಏನೂ ಕಷ್ಟ ಇಲ್ಲ, ಯಾರಾದ್ರೂ ಬರೀತಾರೆ. ನಂಗೆ ಇಷ್ಟ ಆಗೋದು ಅರ್ಧದಲ್ಲಿ ಕೈಕೊಡೋ ಕೇಸುಗಳು. ಕಸ್ಟಮರು ಪೇ ಬಟನ್ ಒತ್ತಿದಾರೆ, ರಿಕ್ವೆಸ್ಟ್ ಸರ್ವರಿಗೆ ತಲುಪಿದೆ, ದುಡ್ಡು ಕಟ್ ಆಗಿದೆ, ಉತ್ತರ ವಾಪಸ್ ಬರೋ ಮುಂಚೆ ನೆಟ್‌ವರ್ಕ್ ಹೋಯ್ತು, ಆ್ಯಪ್ ತಾನೇ ಮತ್ತೆ ಕಳಿಸ್ತು. ಈಗ `Idempotency-Key` ಅದೇ ಇದ್ರೆ ಎರಡನೇ ಸಲ ದುಡ್ಡು ಕಟ್ ಆಗಬಾರ್ದು, ಮೊದಲ ಸಲದ ಉತ್ತರನೇ ವಾಪಸ್ ಬರ್ಬೇಕು. ಸರಿ, ಅದೇ ಕೀ ಇಟ್ಕೊಂಡು ಮೊತ್ತ ಮಾತ್ರ ಬದಲಾಗಿ ಬಂದ್ರೆ? ಎರಡೂ ರಿಕ್ವೆಸ್ಟ್ ಒಂದೇ ಕ್ಷಣಕ್ಕೆ ಎರಡು ಬೇರೆ ಸರ್ವರಿಗೆ ಹೋದ್ರೆ? ವೆಬ್‌ಹುಕ್ ಎರಡೆರಡು ಸಲ ಬಂದ್ರೆ, ಅಥವಾ ರೀಫಂಡಿನ ವೆಬ್‌ಹುಕ್ಕು ಪೇಮೆಂಟಿನ ವೆಬ್‌ಹುಕ್ಕಿಗಿಂತ ಮುಂಚೆನೇ ಬಂದ್ಬಿಟ್ರೆ? ಇಂಟರ್ವ್ಯೂನಲ್ಲಿ ಶ್ಯಾಮಲಾ ಮೇಡಂ ಇದನ್ನೇ ಹಿಡ್ಕೊಂಡು ತುಂಬಾ ಹೊತ್ತು ಕೇಳಿದ್ರು, ಆಗಲೇ ನಂಗೆ ಈ ಕೆಲಸ ಬೇಕು ಅನ್ನಿಸಿದ್ದು.

ಬರದೇ ಇರೋದನ್ನೂ ಹೇಳ್ಬಿಡ್ತೀನಿ. ಲೋಡ್ ಟೆಸ್ಟಿಂಗ್ ನಾನೇ ಮುಂದೆ ನಿಂತು ಮಾಡಿಲ್ಲ, ಬೇರೆಯೋರು ಬರೆದ ಸ್ಕ್ರಿಪ್ಟ್ ಓಡಿಸಿ ರಿಸಲ್ಟ್ ನೋಡಿದೀನಿ ಅಷ್ಟೇ. ಕುಬರ್ನೆಟಿಸ್ ಕೂಡ ಪಾಡ್ ಲಾಗ್ ನೋಡೋವಷ್ಟು, ಬಿದ್ದಿದ್ರೆ ರೀಸ್ಟಾರ್ಟ್ ಮಾಡೋವಷ್ಟು ಬರುತ್ತೆ. ಮೊದಲ ತಿಂಗಳಲ್ಲೇ ಇವೆರಡರಲ್ಲಿ ಯಾವುದಾದ್ರೂ ಬೇಕಾಗುತ್ತೆ ಅಂದ್ರೆ ಈಗಲೇ ಹೇಳಿ, ಓದ್ಕೊಂಡು ಬರ್ತೀನಿ.

ಈಗ ಜಾಯಿನಿಂಗ್ ವಿಷಯ.

ಸಮಯದ್ದು ಒಂದು ಗೊಂದಲ ಇದೆ. ಎಚ್‌ಆರ್ ಮೇಲಲ್ಲಿ ಬೆಳಿಗ್ಗೆ 9:30ಕ್ಕೆ ರಿಸೆಪ್ಷನ್ ಹತ್ರ ಬನ್ನಿ ಅಂತಿದೆ, ಕ್ಯಾಲೆಂಡರ್ ಇನ್ವೈಟಲ್ಲಿ ಓರಿಯೆಂಟೇಷನ್ 10ಕ್ಕೆ ಶುರು ಅಂತಿದೆ. ಬ್ಯಾಡ್ಜ್, ಫೋಟೊ ಇದಕ್ಕೆಲ್ಲಾ ಆ ಅರ್ಧ ಗಂಟೆ ಇಟ್ಟಿರ್ಬೇಕು ಅಂದ್ಕೊಂಡು 9:30ಕ್ಕೇ ಬರ್ತೀನಿ. ಬಂದು ಯಾರನ್ನ ಕೇಳ್ಬೇಕು ಅನ್ನೋದು ಮಾತ್ರ ಎಲ್ಲೂ ಬರೆದಿಲ್ಲ, ನಿಮ್ಮ ಹೆಸರು ಹೇಳಲಾ ಅಥವಾ ಎಚ್‌ಆರ್ ಅವರದ್ದಾ? ಮಧ್ಯಾಹ್ನ 3ಕ್ಕೆ ಮ್ಯಾನೇಜರ್ ಜೊತೆ ಒಂದು ಗಂಟೆ ಮೀಟಿಂಗ್ ಅಂತ ಇನ್ವೈಟಲ್ಲಿದೆ, ಅದು ಮೇಡಂ ಇದ್ದಾಗಲೇ ಹಾಕಿದ್ದು, ಹಾಗೇ ಇದೆ ತಾನೆ?

ಡಾಕ್ಯುಮೆಂಟ್ಸ್ ಬಹುತೇಕ ಮುಗಿದಿದೆ. ಐಡಿ, ವಿಳಾಸದ ಪ್ರೂಫ್, ಡಿಗ್ರಿ ಸರ್ಟಿಫಿಕೇಟು, ಬ್ಯಾಂಕ್ ವಿವರ, ಇನ್ಶೂರೆನ್ಸ್ ನಾಮಿನಿ, ಎಲ್ಲಾ ಪೋರ್ಟಲಲ್ಲಿ ಅಪ್‌ಲೋಡ್ ಮಾಡಿದೀನಿ. ಬಾಕಿ ಇರೋದು ರಿಲೀವಿಂಗ್ ಲೆಟರ್ ಒಂದೇ. ಈಗಿನ ಆಫೀಸಲ್ಲಿ ಕೊನೇ ದಿನ 12ನೇ ತಾರೀಕು ಶುಕ್ರವಾರ, ಲೆಟರ್ ಸಂಜೆ ಕೊಡ್ತೀವಿ ಅಂದಿದಾರೆ, ಕೈಗೆ ಬಂದ ತಕ್ಷಣ ಹಾಕ್ತೀನಿ. ಅಲ್ಲೇನಾದ್ರೂ ತಡ ಆದ್ರೆ ಅಂತ ರಾಜೀನಾಮೆ ಒಪ್ಕೊಂಡಿರೋ ಮೇಲನ್ನ ಸದ್ಯಕ್ಕೆ ಅಟ್ಯಾಚ್ ಮಾಡಿಟ್ಟಿದೀನಿ. ಎಚ್‌ಆರ್‌ಗೆ ಇದು ಗೊತ್ತಿದೆ. ಆದ್ರೂ ಪೋರ್ಟಲಲ್ಲಿ ನನ್ನ ಹೆಸರಿನ ಮುಂದೆ "ಅಪೂರ್ಣ" ಅಂತ ಕೆಂಪಗೆ ತೋರಿಸ್ತಾ ಇರುತ್ತೆ, ಅದು ನಿಮಗೂ ಕಾಣಿಸಿದ್ರೆ ಗಾಬರಿ ಆಗ್ಬೇಡಿ ಅಂತ ಹೇಳಿದ್ದು.

ಹೆಸರಿನ ವಿಷಯ ಚಿಕ್ಕದು, ಆದ್ರೆ ಶುರುವಲ್ಲೇ ಸರಿ ಆಗಿಲ್ಲ ಅಂದ್ರೆ ಆಮೇಲೆ ತಲೆನೋವು. ನನ್ನ ಐಡಿಯಲ್ಲಿ, ಬ್ಯಾಂಕಲ್ಲಿ ಎಲ್ಲಾ ಕಡೆ ಚೈತ್ರಾ ಎನ್. ಅಂತಿದೆ. ಪೋರ್ಟಲಲ್ಲಿ ಕೊನೆಯ ಹೆಸರು ಒಂದೇ ಅಕ್ಷರ ಹಾಕಿದ್ರೆ ತಗೊಳ್ಳಲ್ಲ, ಅದಕ್ಕೆ ಅಪ್ಪನ ಹೆಸರು ಬಿಡಿಸಿ ನಾಗರಾಜ್ ಅಂತ ಹಾಕ್ದೆ. ಆಫೀಸ್ ಮೇಲ್ ಐಡಿ ಹೇಗೆ ಮಾಡಿದ್ರೂ ನಂಗೆ ಪರವಾಗಿಲ್ಲ, ಸಂಬಳದ ಕಡೆ ಮಾತ್ರ ಬ್ಯಾಂಕಲ್ಲಿರೋ ಥರಾನೇ ಇರ್ಬೇಕು. ಎಚ್‌ಆರ್‌ಗೆ ಬರೆದಿದೀನಿ, ಉತ್ತರ ಬಂದಿಲ್ಲ. ನೀವು ಒಂದು ಮಾತು ಕೇಳಿದ್ರೆ ಬೇಗ ಆಗ್ಬೋದು ಅನ್ಸುತ್ತೆ.

ಲ್ಯಾಪ್‌ಟಾಪ್ ಒಂದು ಮೇಲಲ್ಲಿ ಕೊರಿಯರ್ ಮಾಡ್ತೀವಿ ಅಂತಿದೆ, ಇನ್ನೊಂದರಲ್ಲಿ ಮೊದಲ ದಿನ ಐಟಿ ಡೆಸ್ಕಲ್ಲಿ ತಗೊಳ್ಳಿ ಅಂತಿದೆ. ಇವತ್ತಿನ ತನಕ ಏನೂ ಬಂದಿಲ್ಲ, ಹಾಗಾಗಿ ಐಟಿ ಡೆಸ್ಕ್ ಅಂತಾನೇ ಇಟ್ಕೊಂಡಿದೀನಿ. ಐಟಿಯವರು ಎಸ್‌ಎಸ್‌ಎಚ್ ಪಬ್ಲಿಕ್ ಕೀ ಮುಂಚೆನೇ ಕಳಿಸಿ, ರೆಪೊ ಆಕ್ಸೆಸ್ ರೆಡಿ ಮಾಡಿಡ್ತೀವಿ ಅಂದ್ರು. ಈಗ ಕಳಿಸ್ಬೇಕಂದ್ರೆ ನನ್ನ ಸ್ವಂತ ಲ್ಯಾಪ್‌ಟಾಪಲ್ಲಿ ಕೀ ಮಾಡ್ಬೇಕು, ಆಮೇಲೆ ಪ್ರೈವೇಟ್ ಕೀನ ಅಲ್ಲಿಂದ ಇಲ್ಲಿಗೆ ಕಾಪಿ ಮಾಡ್ಬೇಕು, ಅದು ನಂಗೆ ಸರಿ ಅನ್ನಿಸಲಿಲ್ಲ. ಹೊಸ ಲ್ಯಾಪ್‌ಟಾಪ್ ಕೈಗೆ ಬಂದ ಮೇಲೆ

```
ssh-keygen -t ed25519
```

ಓಡಿಸಿ ಪಬ್ಲಿಕ್ ಕೀ ಅಲ್ಲಿಂದಲೇ ಕೊಡ್ತೀನಿ ಅಂತ ಅವರಿಗೆ ಹೇಳಿದೀನಿ. ಇದರಿಂದ ರೆಪೊ ಆಕ್ಸೆಸ್ ಅರ್ಧ ದಿನ ತಡ ಆಗ್ಬೋದು, ಮೊದಲ ದಿನ ಹೇಗೂ ಓರಿಯೆಂಟೇಷನಲ್ಲೇ ಹೋಗುತ್ತಲ್ಲ. ಉಳಿದಂತೆ ಜಿರಾ, ಟೆಸ್ಟ್ ಎನ್ವಿರಾನ್ಮೆಂಟು, ಲಾಗ್ ನೋಡೋ ಡ್ಯಾಶ್‌ಬೋರ್ಡು, ಇವಕ್ಕೆ ಮ್ಯಾನೇಜರ್ ಅಪ್ರೂವಲ್ ಬೇಕಂತೆ, ರಿಕ್ವೆಸ್ಟ್ ನಿಮ್ಮ ಹೆಸರಲ್ಲಿ ಪೆಂಡಿಂಗ್ ತೋರಿಸ್ತಿದೆ, ಒಂದ್ಸಲ ನೋಡ್ತೀರಾ? ಫಾರ್ಮಲ್ಲಿ ಪ್ರೊಡಕ್ಷನ್ ಡೇಟಾಬೇಸಿಗೂ ಟಿಕ್ ಬಿದ್ದಿದೆ, ಅದು ಡೀಫಾಲ್ಟಾಗಿ ಬಂದಿದ್ದು, ನಂಗೆ ಬೇಡ. ಮಾಸ್ಕ್ ಮಾಡಿರೋ ಡೇಟಾ ಸಾಕು, ಅಷ್ಟು ಮಾತ್ರ ರಿಜೆಕ್ಟ್ ಮಾಡಿ.

ಟೂ ಫ್ಯಾಕ್ಟರ್ ಲಾಗಿನ್‌ಗೆ ನನ್ನ ಫೋನಲ್ಲಿ ಆಥೆಂಟಿಕೇಟರ್ ಹಾಕ್ಕೊಳ್ಳೋಕೆ ಅಡ್ಡಿ ಇಲ್ಲ. ಆದ್ರೆ ಆಫೀಸ್ ಮೇಲ್ ಫೋನಲ್ಲಿ ಬೇಕಂದ್ರೆ ಡಿವೈಸ್ ಮ್ಯಾನೇಜ್ಮೆಂಟ್ ಪ್ರೊಫೈಲ್ ಕೂಡ ಹಾಕ್ಬೇಕು ಅಂತಿದೆ, ಅದು ಸ್ವಂತ ಫೋನಲ್ಲಿ ಬೇಡ ಅನ್ಸುತ್ತೆ. ಮೇಲ್ ಲ್ಯಾಪ್‌ಟಾಪಲ್ಲೇ ನೋಡ್ತೀನಿ, ಅರ್ಜೆಂಟ್ ಇದ್ರೆ ಫೋನ್ ಮಾಡಿ. ಆನ್‌ಕಾಲ್ ಬಂದಾಗ ಇದು ಆಗಲ್ಲ ಅಂದ್ರೆ ಆಗ ಏನು ಮಾಡ್ಬೋದು ನೋಡೋಣ.

ಇನ್ನು ಶ್ಯಾಮಲಾ ಮೇಡಂ ಜೊತೆ ಮಾತಾಡಿದ್ದು, ಇದೇ ಮುಖ್ಯ. ಒಂದು, ರಜೆ. ಜುಲೈ 2 ಮತ್ತು 3 ಅಮ್ಮಂಗೆ ಕಣ್ಣಿನ ಆಪರೇಷನ್ ಇದೆ, ಆಫರ್ ಒಪ್ಕೊಳ್ಳೋ ಮುಂಚೆನೇ ಹೇಳಿದ್ದೆ, ಅವರು ಆಯ್ತು ಅಂದಿದ್ರು. ಅಷ್ಟೊತ್ತಿಗೆ ರಜೆ ಬ್ಯಾಲೆನ್ಸ್ ಇರಲ್ಲ, ಸಂಬಳ ಕಟ್ ಆದ್ರೂ ಪರವಾಗಿಲ್ಲ, ಆ ಎರಡು ದಿನ ಮಾತ್ರ ಬದಲಾಯಿಸೋಕೆ ಆಗಲ್ಲ. ಆಮೇಲೆ ಆಫೀಸ್ ದಿನಗಳು. ಮೊದಲ ಎರಡು ವಾರ ಪೂರ್ತಿ ಆಫೀಸು, ಆಮೇಲೆ ವಾರಕ್ಕೆ ಮೂರು ದಿನ ಅಂತ ಅಂದಿದ್ರು. ಆಫರ್ ಲೆಟರಲ್ಲಿ "ಟೀಮಿನ ಅಗತ್ಯದಂತೆ" ಅಂತ ಮಾತ್ರ ಇದೆ. ನಿಮ್ಮ ಲೆಕ್ಕ ಬೇರೆ ಇದ್ರೆ ಈಗಲೇ ಗೊತ್ತಾದ್ರೆ ನಂಗೆ ಅನುಕೂಲ, ಮನೆಯಲ್ಲಿ ಅದಕ್ಕೆ ತಕ್ಕ ಹಾಗೆ ಹೊಂದಿಸ್ಕೊಬೇಕು.

ಇನ್ನೊಂದು, ಇದನ್ನ ಮೇಡಂಗೂ ಹೇಳಿರಲಿಲ್ಲ. ನಂಗೆ ಎಡಗಿವಿ ತುಂಬಾ ಕಮ್ಮಿ ಕೇಳುತ್ತೆ. ಕೆಲಸಕ್ಕೇನೂ ತೊಂದ್ರೆ ಆಗಿಲ್ಲ ಇದುವರೆಗೂ, ಆದ್ರೆ ನಾಲ್ಕೈದು ಜನ ಒಟ್ಟಿಗೆ ಮಾತಾಡೋ ರೂಮಲ್ಲಿ ಎಡಗಡೆಯಿಂದ ಯಾರಾದ್ರೂ ಕರೆದ್ರೆ ನಾನು ತಿರುಗಲ್ಲ, ಹೊಸಬರು ಸೊಕ್ಕು ಅಂದ್ಕೋತಾರೆ. ಡೆಸ್ಕ್ ಕೊಡೋವಾಗ ಎಡಗಡೆ ಗೋಡೆ ಬರೋ ಹಾಗೆ ಸಿಕ್ಕಿದ್ರೆ ಚೆನ್ನಾಗಿರುತ್ತೆ. ವಿಡಿಯೊ ಕಾಲಲ್ಲಿ ಕ್ಯಾಪ್ಷನ್ ಆನ್ ಮಾಡ್ಕೋತೀನಿ, ಅದು ನಾನೇ ನೋಡ್ಕೋತೀನಿ. ಟೀಮಿಗೆ ನೀವು ಮುಂಚೆನೇ ಹೇಳಿದ್ರೂ ನಂಗೆ ಬೇಜಾರಿಲ್ಲ, ಗುಟ್ಟೇನಲ್ಲ.

ಮೊದಲ ವಾರಕ್ಕೆ ನನ್ನ ಕಡೆಯಿಂದ ಒಂದೇ ಕೋರಿಕೆ. ಕಳೆದ ಕೆಲವು ತಿಂಗಳಲ್ಲಿ ಪ್ರೊಡಕ್ಷನಲ್ಲಿ ಸಿಕ್ಕ ಬಗ್‌ಗಳ ಪಟ್ಟಿ, ಅದರ ಜೊತೆ ಈಗಿರೋ ಟೆಸ್ಟ್ ಸೂಟಲ್ಲಿ ಒಂದ್ಸಲ ಪಾಸ್ ಒಂದ್ಸಲ ಫೇಲ್ ಆಗೋ ಟೆಸ್ಟುಗಳು ಯಾವುವು ಅಂತ ಸಿಕ್ಕಿದ್ರೆ ಅಲ್ಲಿಂದಲೇ ಶುರು ಮಾಡ್ತೀನಿ. ಡಾಕ್ಯುಮೆಂಟೇಷನ್ ಹಳೇದಾಗಿರುತ್ತೆ, ಬಗ್ ಪಟ್ಟಿ ಸುಳ್ಳು ಹೇಳಲ್ಲ. ಆ ಪಾಸ್ ಫೇಲ್ ಆಟ ಆಡೋ ಟೆಸ್ಟುಗಳಲ್ಲಿ ಸಾಮಾನ್ಯವಾಗಿ ಒಂದೋ ಎಲ್ಲೋ ಫಿಕ್ಸೆಡ್ ಸ್ಲೀಪ್ ಹಾಕಿರ್ತಾರೆ, ಇಲ್ಲಾ ಎರಡು ಟೆಸ್ಟು ಒಂದೇ ಅಕೌಂಟ್ ಬಳಸ್ತಿರ್ತವೆ. ಅದನ್ನ ಬಿಡಿಸ್ತಾ ಹೋದ್ರೆ ಸಿಸ್ಟಮ್ ತಾನಾಗೇ ಅರ್ಥ ಆಗುತ್ತೆ, ಟೀಮಿಗೂ ಸ್ವಲ್ಪ ಉಪಯೋಗ ಆಗುತ್ತೆ. ಮತ್ತೆ ಶುರುವಲ್ಲಿ ನನ್ನ ಜೊತೆಗಿದ್ದು ಕೆಲಸ ತೋರಿಸ್ಕೊಡೋಕೆ ಅಂತ ಯಾರನ್ನಾದ್ರೂ ಹಾಕಿದ್ರೆ ಅವರ ಹೆಸರು ಹೇಳಿ, ಮುಂಚೆನೇ ಒಂದು ಹಾಯ್ ಹೇಳಿರ್ತೀನಿ.

ಉದ್ದ ಆಯ್ತು ಮೇಲು, ಗೊತ್ತು. ಉತ್ತರ ಉದ್ದ ಬೇಕಿಲ್ಲ ಸರ್. ಜುಲೈ ರಜೆ, ಆಫೀಸ್ ದಿನಗಳು, ಮಧ್ಯಾಹ್ನ 3ರ ಮೀಟಿಂಗ್, ಈ ಮೂರಕ್ಕೆ ಹೌದು ಅಥವಾ ಇಲ್ಲ ಅಂದ್ರೆ ಸಾಕು, ಮಿಕ್ಕಿದ್ದು ಸೋಮವಾರ ಮಾತಾಡೋಣ. ಶುಕ್ರವಾರದ ತನಕ ಹಗಲು ಹೊತ್ತು ಇಲ್ಲಿ ಹ್ಯಾಂಡೋವರ್ ಗಲಾಟೆ, ಮೇಲ್ ನೋಡೋದು ಸಂಜೆ 7ರ ಮೇಲೇನೇ. ಅಷ್ಟರೊಳಗೆ ಏನಾದ್ರೂ ಬೇಕಿದ್ರೆ ಪೋರ್ಟಲಲ್ಲಿರೋ ನಂಬರಿಗೆ ಮೆಸೇಜ್ ಹಾಕಿ, ಬಿಡುವಾದಾಗ ವಾಪಸ್ ಫೋನ್ ಮಾಡ್ತೀನಿ.

ಸೋಮವಾರ ಸಿಗೋಣ ಸರ್.

ಚೈತ್ರಾ ಎನ್.