ಏರು ಏರು, ನೀರ ಹನಿಯೆ
(ಜಲಚಕ್ರದ ಹಾಡು: ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ)

ಹಾಡಿಸುವವರಿಗೆ: ಪಾಠದ ಚಿತ್ರದಲ್ಲಿ ಜಲಚಕ್ರವೆಂದರೆ ನಾಲ್ಕು ಬಾಣಗಳ ದುಂಡನೆಯ ಸುತ್ತು. ನಿಜವಾದ ನೀರಿಗೆ ಅಷ್ಟು ಅಚ್ಚುಕಟ್ಟಾದ ದಾರಿ ಇಲ್ಲ. ಒಂದು ಹನಿ ವಾರದಲ್ಲೇ ಕಡಲಿಗೆ ಮರಳಬಹುದು, ಇನ್ನೊಂದು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂರಬಹುದು. ಮಕ್ಕಳಿಗೆ ಈ 'ನೂರು ದಾರಿ' ಮನಸ್ಸಿಗೆ ಇಳಿಯಬೇಕೆಂಬುದು ನನ್ನ ಆಸೆ. ಅದಕ್ಕಾಗಿಯೇ ನಮ್ಮ ತೀರ್ಥಹಳ್ಳಿಯ ಕಡೆಯ ಮಕ್ಕಳು ದಿನವೂ ಕಾಣುವ ಮಳೆ, ಘಟ್ಟ, ಹೊಳೆಗಳನ್ನೇ ಹಾಡಿಗೆ ತಂದಿದ್ದೇನೆ.

ನಡೆ ಮೂರು ಮಾತ್ರೆಯದು: ತಕಿಟ ತಕಿಟ. ಮೊದಲ ಅಕ್ಷರಕ್ಕೆ ಚಪ್ಪಾಳೆ. 'ನೆಲದೊಳಗೆ' ಭಾಗ ಮಾತ್ರ ಐದು ಮಾತ್ರೆಯ ನಿಧಾನದ ನಡೆ. ಅಲ್ಲಿ ಚಪ್ಪಾಳೆ ಬೇಡ. ನಡುವಿನ ಮಾತುಗಳನ್ನು ಬಾಯಿಪಾಠ ಒಪ್ಪಿಸುವಂತೆ ಹೇಳಿಸದೆ, ಮಕ್ಕಳು ಒಬ್ಬರನ್ನೊಬ್ಬರು ನೋಡಿ ಮಾತನಾಡುವಂತೆ ಮಾಡಿಸಿ.

ಪಲ್ಲವಿ (ಎಲ್ಲರೂ)

ಏರು ಏರು, ನೀರ ಹನಿಯೆ, ಆವಿಯಾಗಿ ಏರು!
ಸೇರು ಸೇರು, ಮೋಡದೊಳಗೆ ಗೆಳೆಯರೊಡನೆ ಸೇರು!
ಜಾರು ಜಾರು, ಮಳೆಯ ಧಾರೆ, ಬೆಟ್ಟದಿಂದ ಜಾರು!
ನೂರು ದಾರಿ ನಿನ್ನ ಮುಂದೆ, ಕಡಲು ನಿನ್ನ ತೌರು!

ಕಡಲಿನಲ್ಲಿ

ಮಲ್ಪೆ ಕಡಲ ಅಲೆಯ ಮೇಲೆ ಒಂದು ಹನಿಯು ಇತ್ತು,
ಬಿಸಿಲ ಬಿಸಿಗೆ ಮೈಯ ಕಾಸಿ ಮೇಲೆ ನೋಡುತಿತ್ತು.
ಶಾಖ ಹೀರಿ, ಅಲೆಯ ತೊರೆದು, ಗಾಳಿಗೆ ಮೈ ಕೊಟ್ಟು
ಹಾರಿತದೋ, ಉಪ್ಪನೆಲ್ಲ ಕಡಲಿನಲ್ಲೆ ಬಿಟ್ಟು!

ಹುಡುಗಿ: ಕುದಿಯದೆಯೇ ನೀರು ಆವಿಯಾಗುತ್ತದೆಯೇ?
ಹುಡುಗ: ಆಗುತ್ತದೆ. ಹಗ್ಗದ ಮೇಲೆ ಒಣಹಾಕಿದ ಅಂಗಿಯನ್ನು ಯಾರು ಕುದಿಸಿದರು? ಬಿಸಿಲು, ಗಾಳಿ, ಒಣಹವೆ ಇದ್ದರೆ ಬೇಗ ಒಣಗುತ್ತದೆ. ಆಷಾಢದಲ್ಲಿ ಮೂರು ದಿನವಾದರೂ ಒದ್ದೆಯಾಗಿಯೇ ಇರುತ್ತದೆ.
ಹುಡುಗಿ: ಏಕೆಂದರೆ ಆಗ ಗಾಳಿಯೇ ಆವಿಯಿಂದ ತುಂಬಿರುತ್ತದೆ!

ಕಡಲು ಮಾತ್ರವಲ್ಲ, ಗೆಳೆಯ, ಕೆರೆಯು ಹೊಳೆಯು ಕೂಡ,
ಒದ್ದೆ ಬಟ್ಟೆ, ಹಸಿಯ ಮಣ್ಣು, ಎಲ್ಲ ಸೇರಿ ಮೋಡ.
ಬೇರು ಕುಡಿದ ನೀರು ಏರಿ ಎಲೆಯ ತನಕ ಸಾಗಿ
ಸೂಕ್ಷ್ಮ ರಂಧ್ರ ದಾಟಿ ಹೊರಗೆ ನಡೆವುದಾವಿಯಾಗಿ.

ಹುಡುಗ: ಬೆಳಿಗ್ಗೆ ಶಾಲೆಯ ದಾಸವಾಳದ ಟೊಂಗೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆವು. ಬಿಸಿಯೂಟದ ಹೊತ್ತಿಗೆ ಚೀಲದ ಒಳಮೈ ಮಂಜು ಹಿಡಿದಂತಾಗಿತ್ತು. ಸಂಜೆ ಬಿಚ್ಚಿದಾಗ ಮೂಲೆಯಲ್ಲಿ ನೀರು ನಿಂತಿತ್ತು!
ಹುಡುಗಿ: ಎಲೆಗಳು ಹೀಗೆ ಆವಿ ಬಿಡುವುದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಹಾಗಾದರೆ ಕಾಡು ಪೂರ್ತಿ ಎಷ್ಟು ಆವಿ ಬಿಡಬಹುದು, ಲೆಕ್ಕ ಹಾಕು!

ಪಲ್ಲವಿ: ಏರು ಏರು, ನೀರ ಹನಿಯೆ…

ಬಾನಿನಲ್ಲಿ

ಮೇಲೆ ಹೋದ ಹಾಗೆ ಗಾಳಿ ತಣ್ಣಗಾಯಿತಲ್ಲ!
ಚಳಿಗೆ ಆವಿ ಮತ್ತೆ ಹನಿಯು, ಒಂಟಿಯಾಗಿ ಅಲ್ಲ!
ಧೂಳ ಕಣವೊ, ಉಪ್ಪ ಕಣವೊ, ಅಂಟಲೊಂದು ಬೇಕು,
ಕಾಣದಾವಿ ಕಣ್ಣ ಮುಂದೆ ಬರಲು ಅಷ್ಟೆ ಸಾಕು.

ಇಂಥ ಹನಿಗಳೆಷ್ಟೊ ಕೋಟಿ ಕೂಡಿ ನಿಂತ ಸಾಲು,
ಬಾನಿನಲ್ಲಿ ಬಿಳಿಯ ಮೋಡ, ನೆಲಕೆ ನೆರಳ ಪಾಲು.
ಹನಿಗೆ ಹನಿಯು ತಾಗಿ ತಾಗಿ ದಪ್ಪವಾಗಿ ಬೆಳೆದು,
ಗಾಳಿ ಹೊರಲು ಆಗದಾಗ ಬಿತ್ತು ಮಳೆಯು ಇಳಿದು.

ಹುಡುಗಿ: ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ. ಆವಿ ತಣಿದು ಹನಿಯಾಗುವುದೇ ಸಾಂದ್ರೀಕರಣ.
ಹುಡುಗ: ಮೋಡ ಕಾಣುತ್ತದೆ, ಆವಿ ಕಾಣುವುದಿಲ್ಲ. ಆದ್ದರಿಂದ ಮೋಡವೆಂದರೆ ಆವಿಯಲ್ಲ, ಪುಟಾಣಿ ಹನಿಗಳು. ತೀರಾ ಎತ್ತರದ ಮೋಡವಾದರೆ ಹಿಮದ ಹರಳುಗಳು.

ಘಟ್ಟದ ಮೇಲೆ

ಜೂನು ಬಂತು, ಕಡಲ ಕಡೆಯ ಗಾಳಿ ಬೀಸಿ ಬಂತು,
ಮೋಡದೊಂದು ದಂಡು ಬಂದು ಘಟ್ಟದೆದುರು ನಿಂತು,
ದಾಟಲೆಂದು ಮೇಲಕೇರಿ ತಣಿದು ತಣಿದು ಕರಗಿ
ಸಹ್ಯಗಿರಿಯ ಕಾಡ ಮೇಲೆ ಮಳೆಯು ಸುರಿಯಿತೆರಗಿ!

(ಶಾಲು ಹೊದ್ದ ಅಜ್ಜಿ ಕೋಲೂರಿಕೊಂಡು ಬರುತ್ತಾಳೆ. ಒಂದೊಂದು ಹೆಸರಿಗೂ ಮಕ್ಕಳು 'ಬಂತು ಬಂತು!' ಎನ್ನಬೇಕು. ಹಿಂದಿನಿಂದ ತಮಟೆ.)

ಅಜ್ಜಿ: ಮಳೆಗೂ ಹೆಸರಿದೆ, ಮಕ್ಕಳೇ. ಮೃಗಶಿರಾ!
ಮಕ್ಕಳು: ಬಂತು ಬಂತು!
ಅಜ್ಜಿ: ಆರಿದ್ರಾ!
ಮಕ್ಕಳು: ಬಂತು ಬಂತು!
ಅಜ್ಜಿ: ಪುನರ್ವಸು! ಪುಷ್ಯ! ಆಶ್ಲೇಷಾ!
ಮಕ್ಕಳು: ಬಂತು ಬಂತು, ಬಂತು ಬಂತು, ಕೊಡೆಯ ತನ್ನಿ, ಬಂತು!
ಅಜ್ಜಿ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಚಳ್ಳಕೆರೆಗೆ ಅದರ ಹತ್ತನೆಯ ಒಂದು ಪಾಲೂ ಸಿಗುವುದಿಲ್ಲ.
ಹುಡುಗಿ: ಅದೇಕೆ ಅಜ್ಜಿ? ಮೋಡಗಳು ಅಲ್ಲಿಗೂ ಹೋಗುತ್ತವಲ್ಲ?

ಘಟ್ಟ ದಾಟಿ ಮೂಡು ದಿಕ್ಕಿಗಿಳಿದ ಮೋಡ ಬರಿದು,
ಚಳ್ಳಕೆರೆಯ ಹೊಲವು ಅದನು ನೋಡುತಿಹುದು ಕರೆದು.
ಅಲ್ಲಿ ಬಿದ್ದ ಒಂದು ಹದದ ಮಳೆಗೆ ಇಲ್ಲ ಸಾಟಿ,
ಕಡಲೆಬೀಜ ಮೊಳೆವುದಾಗ ಕೆಂಪು ಮಣ್ಣ ದಾಟಿ.

ಪಲ್ಲವಿ: ಏರು ಏರು, ನೀರ ಹನಿಯೆ…

ಗಂಗಾಮೂಲದಲ್ಲಿ

(ಮಕ್ಕಳು ಮೂರು ಸಾಲಾಗಲಿ. ನೀಲಿ ಬಟ್ಟೆ ಹಿಡಿದ ಎರಡು ಸಾಲು ಬಲಕ್ಕೆ, ಒಂದು ಸಾಲು ಎಡಕ್ಕೆ. ಬಲಗಡೆಯ ಎರಡು ಸಾಲುಗಳು 'ಕೂಡಲಿ' ಎಂದಾಗ ಒಂದಾಗಬೇಕು.)

ಬೆಟ್ಟದೊಂದು ನೆತ್ತಿಯಿಂದ ಮೂರು ಹೊಳೆಯ ಹುಟ್ಟು,
ಒಂದು ಹನಿಗೆ ಮೂರು ದಾರಿ, ಗಾಳಿಗದರ ಗುಟ್ಟು!
ಪಡುವ ಕಡೆಗೆ ಬಿದ್ದ ಹನಿಗೆ ನೇತ್ರಾವತಿ ತೇರು,
ಮಂಗಳೂರ ಅಳಿವೆ ದಾಟಿ ಬೇಗ ಬಂತು ತೌರು.

ಮೂಡು ಕಡೆಗೆ ಬಿದ್ದ ಹನಿಯ ದಾರಿ ಬಹಳ ದೂರ,
ತುಂಗೆ ಭದ್ರೆ ಕೂಡಲಿಯಲಿ ಕೈಯ ಹಿಡಿದ ತೀರ.
ಹಂಪೆಯೆದುರು ಬಂಡೆ ಸುತ್ತಿ, ಕೃಷ್ಣೆಯೊಡನೆ ಕೂಡಿ,
ಬಂಗಾಳದ ಕೊಲ್ಲಿ ತನಕ ಹೋಯಿತದೋ ಓಡಿ!

ಹುಡುಗ: ಹೊರಟದ್ದು ಅರಬ್ಬೀ ಸಮುದ್ರದಿಂದ, ಸೇರಿದ್ದು ಬಂಗಾಳ ಕೊಲ್ಲಿಯನ್ನು! ದಾರಿ ತಪ್ಪಿತೇ?
ಅಜ್ಜಿ: ತಪ್ಪಲಿಲ್ಲ ಮಗು. ಎರಡೂ ಹಿಂದೂ ಮಹಾಸಾಗರದ ತೋಳುಗಳೇ. ನೀರಿಗೆ ಅವೆರಡರ ನಡುವೆ ಬೇಲಿ ಇಲ್ಲ. ಘಟ್ಟದ ನೆತ್ತಿಯಲ್ಲಿ ಗಾಳಿ ಒಂದು ಮಾರು ಆಚೆ ಬೀಸಿದರೆ ಸಾಕು, ಒಂದೇ ಮೋಡದ ಹನಿಗಳು ಬೇರೆ ಬೇರೆ ಕಡಲಿಗೆ ಹೋಗುತ್ತವೆ.

ನೆಲದೊಳಗೆ (ನಿಧಾನವಾಗಿ, ತಗ್ಗಿದ ದನಿಯಲ್ಲಿ)

ಹರಿಯದೇ ಕೆಲ ಹನಿಯು ನೆಲದೊಳಗೆ ಇಳಿಯುವುದು,
ಮಣ್ಣ ಸಂದಿಯ ದಾಟಿ ಮೆಲ್ಲಮೆಲ್ಲನೆ ನಡೆದು,
ಕಲ್ಲ ಬಿರುಕಲಿ ನಿಂತು ವರುಷಗಳ ಕಳೆಯುವುದು,
ಬಾವಿಯೊರತೆಗೆ ಬಂತು ಬೆಳಕ ದಾರಿಯ ಪಡೆದು.

ಬೇಸಿಗೆಯ ಹೊಳೆಯಲ್ಲಿ ಹರಿವ ನೀರೆಲ್ಲಿಯದು?
ಮಳೆಗಾಲ ಇಂಗಿದುದು, ಕಾಡು ಕಾದಿರಿಸಿದುದು.
ಒಣಗೆಲೆಯ ಹಾಸಿನಡಿ ನಿಲ್ಲಿಸಿದ ಹನಿಯೊಂದು
ಚೈತ್ರದಲಿ ಹೊಳೆಗಿಳಿದು ಮೀನ ಬದುಕಿಸಿತಿಂದು.

ಹುಡುಗಿ: ಏಪ್ರಿಲಿನಲ್ಲಿ ಮಳೆಯೇ ಇಲ್ಲದಿದ್ದರೂ ತುಂಗೆಯಲ್ಲಿ ನೀರು ಇರುತ್ತದೆಯಲ್ಲ, ಅದು ಹೀಗೆ ಬಂದದ್ದು!
ಅಜ್ಜಿ: ಹೌದು. ಕಾಡಿನ ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡು. ಕೊಳೆತ ಎಲೆ, ಬೇರಿನ ಎಳೆ, ಎರೆಹುಳು ಕೊರೆದ ಸಣ್ಣ ಸಣ್ಣ ತೂತು. ಮಳೆ ಇಳಿಯುವುದು ಆ ತೂತುಗಳಲ್ಲೇ. ನೆಲದಡಿಯಲ್ಲಿ ತುಂಬಿ ನಿಂತ ನೀರೇ ಅಂತರ್ಜಲ.

(ಮತ್ತೆ ಮೂರು ಮಾತ್ರೆಯ ನಡೆ, ಚಪ್ಪಾಳೆಯೊಡನೆ)

ಪೇಟೆಯಲ್ಲಿ ಬಿದ್ದ ಹನಿಗೆ ಇಳಿಯಲೆಡೆಯೆ ಇಲ್ಲ,
ಟಾರು ರಸ್ತೆ, ಕಲ್ಲ ಹಾಸು ಮುಚ್ಚಿ ನೆಲವನೆಲ್ಲ.
ಮಣ್ಣ ಮುಟ್ಟದೇನೆ ಹನಿಯು ಮೋರಿ ಹಿಡಿದು ಓಡಿ,
ಕೊಳವೆಬಾವಿ ಒಣಗುತಿಹುದು ಅದರ ದಾರಿ ನೋಡಿ.

ನಮ್ಮ ಶಾಲೆ ಹೆಂಚಿನಿಂದ ಇಳಿದ ಮಳೆಯ ನೀರು
ಇಂಗುಗುಂಡಿಗಿಳಿದು ಹುಡುಕಿತೊಂದು ಹಲಸ ಬೇರು!

ಪಲ್ಲವಿ: ಏರು ಏರು, ನೀರ ಹನಿಯೆ…

ಕೂಗಾಟ (ಮುಂದಾಳು ಕೇಳಬೇಕು, ಸಭೆಯಲ್ಲಿ ಕುಳಿತವರೂ ಸೇರಿ ಉತ್ತರಿಸಬೇಕು)

ಬಿಸಿಲಿಗೆದ್ದು ಹಾರಿದರೆ? – ಆವಿಯಾಗುವಿಕೆ!
ಎಲೆಯು ಬಿಟ್ಟ ಆವಿಗೆ? – ಬಾಷ್ಪವಿಸರ್ಜನೆ!
ಆವಿ ತಣಿದು ಹನಿಯಾದರೆ? – ಸಾಂದ್ರೀಕರಣ!
ಭಾರವಾಗಿ ಬಿದ್ದರೆ? – ಮಳೆ! ಹಿಮ! ಆಲಿಕಲ್ಲು!
ಮಣ್ಣಿನೊಳಗೆ ಇಳಿದರೆ? – ಇಂಗುವಿಕೆ!
ಅಲ್ಲಿ ನಿಂತ ನೀರಿಗೆ? – ಅಂತರ್ಜಲ!
ಎಲ್ಲ ಸೇರಿ ತಿರುಗಿದರೆ? – ಜಲಚಕ್ರ! ಜಲಚಕ್ರ!

ಊರಿನಲ್ಲಿ

ಊರ ಕೆರೆಯು ಕೋಡಿ ಬಿತ್ತು, ಬನ್ನಿ ಎಲ್ಲ ನೋಡಿ!
ತೂಬು ತೆರೆದು ಬಿಟ್ಟ ನೀರು ಗದ್ದೆಗಿಳಿಯಿತಾಡಿ.
ಭತ್ತ ಕುಡಿದು ಬಿಟ್ಟ ಹನಿಯು ಬಾವಿ ಕಡೆಗೆ ಜಾರಿ,
ಇನ್ನು ಕೆಲವು ಬಿಸಿಲಿಗೆದ್ದು ಹೊರಟವಾವಿಯೇರಿ.

ಹುಡುಗ: ಅಂದರೆ ಕಡಲನ್ನು ತಲುಪದೆಯೇ ಹನಿ ಮತ್ತೆ ಮೋಡವಾಗಬಹುದು!
ಅಜ್ಜಿ: ನಮ್ಮ ಗದ್ದೆಯಿಂದ ಎದ್ದ ಆವಿ ಪಕ್ಕದ ತಾಲ್ಲೂಕಿಗೆ ಮಳೆಯಾದರೂ ಆದೀತು. ಬಾನಿಗೆ ಏರಿದ ಆವಿ ಅಲ್ಲಿ ಬಹಳ ದಿನ ಉಳಿಯುವುದಿಲ್ಲ. ಸರಾಸರಿ ಒಂಬತ್ತು ದಿನ, ಅಷ್ಟೇ.

ಹಿಮದ ಗಿರಿಗೆ ಬಿದ್ದ ಹನಿಯು ಬೇಗ ಬರದು, ಬಲ್ಲೆ;
ಮಂಜುಗಡ್ಡೆಯಾಗಿ ವರುಷ ನೂರು ಕಳೆವುದಲ್ಲೆ.
ಕರಗಿ ಒಂದು ದಿವಸ ಗಂಗೆಯೊಡನೆ ಇಳಿದು ಬಂದು
ನಮ್ಮ ಹನಿಯ ಕೇಳಬಹುದು, 'ಕ್ಷೇಮವೇನೆ?' ಎಂದು.

ಹುಡುಗಿ: ಭೂಮಿಯ ನೀರನ್ನು ನೂರು ಪಾಲು ಮಾಡಿದರೆ ಸುಮಾರು 97 ಪಾಲು ಕಡಲಿನ ಉಪ್ಪುನೀರು. ಉಳಿದ ಸಿಹಿನೀರಿನಲ್ಲಿ ಹೆಚ್ಚಿನದು ಹಿಮ, ಮಿಕ್ಕಿದ್ದರಲ್ಲಿ ಬಹುಪಾಲು ನೆಲದಡಿ. ಹೊಳೆ ಕೆರೆಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಒಂದು ಪಾಲಿಗೂ ಎಷ್ಟೋ ಕಡಿಮೆ!
ಹುಡುಗ: ಅಷ್ಟೇ ನೀರು ಇಷ್ಟು ವರ್ಷ ಹೇಗೆ ಸಾಕಾಯಿತು?

ಹೊಸತು ನೀರು ಹುಟ್ಟಿ ಬರುವ ಮಾತು ಇಲ್ಲವಲ್ಲ,
ಆನೆ ಮಿಂದ, ಅಜ್ಜ ಕುಡಿದ ನೀರೆ ನಮ್ಮದೆಲ್ಲ.
ಬೇಲೂರಿನ ಶಿಲ್ಪಿ ಅಂದು ಉಳಿಯ ಮಸೆದ ನೀರು
ಇಂದು ನಿನ್ನ ಲೋಟದಲ್ಲಿ ಇರಲುಬಹುದು ಚೂರು!

ಪಲ್ಲವಿ (ಎರಡು ಗುಂಪು ಒಂದೊಂದು ಸಾಲು; ಪ್ರತಿ ಸಲವೂ ವೇಗ ಹೆಚ್ಚಿಸಿ, ಮೂರು ಸಲ)

ಏರು ಏರು, ನೀರ ಹನಿಯೆ, ಆವಿಯಾಗಿ ಏರು!
ಸೇರು ಸೇರು, ಮೋಡದೊಳಗೆ ಗೆಳೆಯರೊಡನೆ ಸೇರು!
ಜಾರು ಜಾರು, ಮಳೆಯ ಧಾರೆ, ಬೆಟ್ಟದಿಂದ ಜಾರು!
ನೂರು ದಾರಿ ನಿನ್ನ ಮುಂದೆ, ಕಡಲು ನಿನ್ನ ತೌರು!